ಮಧುಮೇಹ ಮತ್ತು ಪಾದದ ಆರೈಕೆ

ಮಧುಮೇಹ ಇರುವವರ ಪಾದದಲ್ಲಿ ಹುಣ್ಣು, ಸೋಂಕು, ಕೊಳೆತ ಉಂಟಾಗದಂತೆ ಮನೆಯಲ್ಲೇ ದಿನವೂ ಪಾಲಿಸುವ ಕ್ರಮಗಳಿಗೆ ಪಾದದ ಆರೈಕೆ ಎನ್ನುತ್ತಾರೆ. ಆಸ್ಪತ್ರೆಗಳು ಕೊಡುವ ಕರಪತ್ರಗಳಲ್ಲಿ ಇದು ಸಾಮಾನ್ಯವಾಗಿ ನಾಲ್ಕು ಭಾಗವಾಗಿ ಬರುತ್ತದೆ: ದಿನಕ್ಕೊಮ್ಮೆ ಪಾದ ನೋಡಿಕೊಳ್ಳುವುದು, ತಕ್ಕ ಪಾದರಕ್ಷೆ ಹಾಕುವುದು, ಉಗುರು ಮತ್ತು ಚರ್ಮದ ಆರೈಕೆ, ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹಿಗಳಲ್ಲಿ ಶೇ 19ರಿಂದ 34ರಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುತ್ತದೆ ಎಂಬುದು ತಜ್ಞರ ಅಂತರರಾಷ್ಟ್ರೀಯ ಅಂದಾಜು. ಮಧುಮೇಹದಿಂದ ಕಾಲು ಕತ್ತರಿಸಬೇಕಾಗಿ ಬಂದ ಪ್ರಕರಣಗಳಲ್ಲಿ ಹೆಚ್ಚಿನವು ಶುರುವಾಗುವುದು ಇಂಥ ಹುಣ್ಣಿನಿಂದಲೇ. ಕರಪತ್ರದ ಸೂಚನೆಗಳು ಓದುವವರಿಗೆ ಬಿಡಿಬಿಡಿಯಾದ ವಿಧಿನಿಷೇಧಗಳಂತೆ ಕಾಣುತ್ತವೆ. ಆದರೆ ಬಹುಪಾಲು ಸೂಚನೆಗಳು ಹುಟ್ಟಿರುವುದು ಒಂದೇ ಕಾರಣದಿಂದ, ನೋವು ಇಲ್ಲವಾಗುವುದರಿಂದ. ಅದನ್ನು ಮನಗಂಡರೆ ಯಾವ ಸೂಚನೆ ಏಕೆ ಇದೆ, ಯಾವುದನ್ನು ಬಿಟ್ಟರೆ ಏನಾಗುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ.

ನೋವು ಮಾಡುತ್ತಿದ್ದ ಎರಡು ಕೆಲಸ

ರಕ್ತದಲ್ಲಿ ಸಕ್ಕರೆ ಅಂಶ ವರ್ಷಗಟ್ಟಲೆ ಹೆಚ್ಚಾಗಿದ್ದರೆ ನರಗಳು ಹಾಳಾಗುತ್ತವೆ. ಅತಿ ಉದ್ದದ ನರಗಳ ತುದಿ ಮೊದಲು ಸೊರಗುವುದರಿಂದ ತೊಂದರೆ ಕಾಲ್ಬೆರಳುಗಳಿಂದ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ. ಸ್ಪರ್ಶ ಮತ್ತು ನೋವು ತಿಳಿಸುವ ನರಗಳು ಕೆಟ್ಟಾಗ ಪಾದ ಮರಗಟ್ಟುತ್ತದೆ. ಪಾದದ ಸಣ್ಣ ಸ್ನಾಯುಗಳ ನರಗಳು ಕೆಟ್ಟಾಗ ಬೆರಳುಗಳು ಕೊಕ್ಕೆಯಂತೆ ಬಾಗಿ, ಮೈಭಾರವೆಲ್ಲ ಬೆರಳ ಬುಡದ ಎಲುಬುಗಳ ಮೇಲೆ ಬೀಳುತ್ತದೆ. ಬೆವರಿನ ನರಗಳು ಕೆಟ್ಟಾಗ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಇದರ ಜೊತೆಗೆ ರಕ್ತನಾಳಗಳೂ ಕಿರಿದಾಗಿದ್ದರೆ, ಆದ ಗಾಯ ಮಾಯಲು ಬೇಕಾದ ರಕ್ತ ಪಾದಕ್ಕೆ ಸಿಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಈ ತೊಂದರೆ ಹೆಚ್ಚು. ಹುಣ್ಣಿಗೆ ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ. ಜಡವಾದ ಪಾದ, ಬದಲಾದ ಆಕಾರ, ಅದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ, ಈ ಮೂರೂ ಸೇರಿದಾಗ ಹುಣ್ಣು ಏಳುತ್ತದೆ.

ನೋವಿಲ್ಲದ ಪಾದ ಹೇಗೆ ಹಾಳಾಗುತ್ತದೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ಬಂದದ್ದು ದಕ್ಷಿಣ ಭಾರತದ ಕುಷ್ಠರೋಗಿಗಳ ಆರೈಕೆಯಿಂದ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಲ್ಲಿ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಬೀಳುತ್ತವೆ ಎಂದು ಆಗ ನಂಬಲಾಗಿತ್ತು. ಅಲ್ಲಿನ ರೋಗಿಗಳನ್ನು ದಿನವೂ ಗಮನಿಸಿದ ಬ್ರ್ಯಾಂಡ್, ಹೆಚ್ಚಿನ ಹಾನಿಗೆ ಕಾರಣ ರೋಗಿಗೆ ತಿಳಿಯದೇ ಆದ ಸುಟ್ಟಗಾಯ, ತರಚುಗಾಯ ಮತ್ತು ಒತ್ತಡ ಎಂದು ಕಂಡುಕೊಂಡರು. ರಾತ್ರಿ ಮಲಗಿದಾಗ ಇಲಿ ಕಚ್ಚಿದರೂ ಕೆಲವರಿಗೆ ಎಚ್ಚರವಾಗುತ್ತಿರಲಿಲ್ಲ. ಮುಂದೆ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಇದೇ ತಿಳಿವನ್ನು ಅವರು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು.

ನೋವು ಮಾಡುವ ಕೆಲಸ ಎರಡು. ಒಂದು, ಗಾಯವಾಗಿದೆ ಎಂದು ತಿಳಿಸುವುದು. ಇನ್ನೊಂದು, ಗಾಯವಾದ ಕಾಲಿನ ಮೇಲೆ ಭಾರ ಹಾಕದಂತೆ ತಡೆಯುವುದು. ಮುಳ್ಳು ಚುಚ್ಚಿದವರು ಕುಂಟುತ್ತಾರೆ. ಬಿಗಿಯಾದ ಬೂಟು ಕಚ್ಚಿದರೆ ನಡುದಾರಿಯಲ್ಲೇ ಕಳಚುತ್ತಾರೆ. ಯಾರೂ ಹೇಳಿಕೊಡದಿದ್ದರೂ ಕಾಲಿಗೆ ಬಿಡುವು ಸಿಗುತ್ತದೆ. ನರ ಕೆಟ್ಟ ಪಾದದಲ್ಲಿ ಈ ಎರಡೂ ನಿಂತುಹೋಗಿರುತ್ತವೆ. ದಿನದ ಪರೀಕ್ಷೆ ಮೊದಲ ಕೆಲಸವನ್ನಷ್ಟೇ ತುಂಬಿಕೊಡುತ್ತದೆ. ಎರಡನೆಯದನ್ನು ಬೇರೆಯಾಗಿ ಏರ್ಪಾಡು ಮಾಡಿಕೊಳ್ಳಬೇಕು. ಕರಪತ್ರ ಓದಿ, ದಿನವೂ ಪಾದ ನೋಡಿಕೊಂಡವರಲ್ಲೂ ಕೆಲವರಿಗೆ ಹುಣ್ಣಾಗುವುದಕ್ಕೆ ಮುಖ್ಯ ಕಾರಣ ಈ ಎರಡನೆಯ ಭಾಗ ಬಿಟ್ಟುಹೋಗುವುದು.

ತಮ್ಮ ಪಾದ ಜಡವಾಗಿದೆಯೇ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ‘ನನಗೆ ಅಂಗಾಲು ಉರಿಯುತ್ತದೆ, ಹಾಗಾದರೆ ಸ್ಪರ್ಶ ಚೆನ್ನಾಗಿದೆ’ ಎಂದುಕೊಳ್ಳುವವರೂ ಇದ್ದಾರೆ. ಇದು ಸರಿಯಲ್ಲ. ಉರಿ, ಜುಮುಜುಮು, ಸೂಜಿ ಚುಚ್ಚಿದಂಥ ನೋವು ಕೆಟ್ಟ ನರಗಳಿಂದಲೇ ಹುಟ್ಟುತ್ತವೆ. ರಾತ್ರಿಯಿಡೀ ಉರಿಯುವ ಪಾದಕ್ಕೆ ಹಗಲು ಮೊಳೆ ಚುಚ್ಚಿದ್ದು ತಿಳಿಯದಿರಬಹುದು. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ಇದನ್ನು ಪರೀಕ್ಷಿಸುತ್ತಾರೆ. ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯನ್ನು ಇಂಗ್ಲೆಂಡಿನ ಇಪ್ಸ್‌ವಿಚ್‌ನ ವೈದ್ಯರು ರೂಪಿಸಿದ್ದಾರೆ. ಮಧುಮೇಹಿ ಕಣ್ಣು ಮುಚ್ಚಿ ಮಲಗಿರಬೇಕು. ಇನ್ನೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಸವರಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ ಎಂದರ್ಥ. ಸಕ್ಕರೆ ಹತೋಟಿಗೆ ಬಂದಿದೆ, ಇನ್ನು ಇದೆಲ್ಲ ಏಕೆ ಎಂಬ ಮಾತಿಗೂ ಉತ್ತರ ಇಲ್ಲಿದೆ. ಹತೋಟಿಯಿಂದ ನರಹಾನಿ ನಿಧಾನವಾಗುತ್ತದೆ, ಆದರೆ ಒಮ್ಮೆ ಹೋದ ಸ್ಪರ್ಶ ಮರಳುವುದು ಅಪರೂಪ. ಈ ತಿಂಗಳ ರಕ್ತಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಜಡವಾದ ಪಾದ ಜಡವಾಗಿಯೇ ಇರುತ್ತದೆ.

ದಿನದ ಪರೀಕ್ಷೆ

ಪಾದ ನೋಡಿಕೊಳ್ಳಲು ಸಂಜೆ ಅಥವಾ ಮಲಗುವ ಮುನ್ನದ ಹೊತ್ತು ಅನುಕೂಲ. ಅಂದು ಕಾಲಿಗೆ ಆದದ್ದೆಲ್ಲ ಅಂದೇ ಕಾಣುತ್ತದೆ. ಬೆಳಕು ಚೆನ್ನಾಗಿರಬೇಕು. ಪಾದದ ಮೇಲ್ಭಾಗ, ಅಂಚುಗಳು, ಹಿಮ್ಮಡಿ, ಅಂಗಾಲು, ಕೊನೆಗೆ ಪ್ರತಿಯೊಂದು ಬೆರಳ ಸಂದು ಎಂದು ಒಂದೇ ಕ್ರಮದಲ್ಲಿ ನೋಡಿದರೆ ಯಾವುದೂ ಬಿಟ್ಟುಹೋಗುವುದಿಲ್ಲ. ಕಾಲುಂಗುರ ಹಾಕುವವರು ಅದನ್ನು ಸರಿಸಿ ಅದರಡಿಯನ್ನೂ ನೋಡಬೇಕು. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ಅದರ ಮೇಲೆ ಪಾದ ಹಿಡಿಯಬಹುದು, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆಯಬಹುದು. ಮಧುಮೇಹದಿಂದ ದೃಷ್ಟಿ ಮಂಜಾದವರು, ಬಾಗಲಾಗದ ಹಿರಿಯರು ಈ ಕೆಲಸವನ್ನು ಮನೆಯವರಿಗೆ ವಹಿಸುವುದೇ ಸರಿ. ಗಾಯ, ಬೊಬ್ಬೆ, ಸೀಳು, ಬೆರಳ ಸಂದಿನಲ್ಲಿ ಬೆಳ್ಳಗೆ ನೆನೆದ ಚರ್ಮ, ಹೊಸ ಕೆಂಪು, ಊತ ಇವು ಎದ್ದು ಕಾಣುತ್ತವೆ. ಜನ ಹೆಚ್ಚಾಗಿ ಕಡೆಗಣಿಸುವುದು ಜಡ್ಡುಗಟ್ಟಿದ ಚರ್ಮವನ್ನು, ಅಂದರೆ ಕಾಲಾಣಿಯನ್ನು. ಒತ್ತಡ ಬೀಳುವ ಕಡೆ ಚರ್ಮ ದಪ್ಪವಾಗುತ್ತದೆ. ಆ ದಪ್ಪ ಚರ್ಮವೇ ಒಳಗಿನ ಮಾಂಸವನ್ನು ಇನ್ನಷ್ಟು ಒತ್ತುತ್ತದೆ. ಜಡ್ಡಿನ ನಡುವೆ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಒಳಗೆ ರಕ್ತ ಒಸರಿದೆ ಎಂದು ತಿಳಿಯಬೇಕು; ಮೇಲೆ ಚರ್ಮ ಮುಚ್ಚಿಕೊಂಡಿದ್ದರೂ ಅಡಿಯಲ್ಲಿ ಹುಣ್ಣು ಆರಂಭವಾಗಿರಬಹುದು.

ಇಷ್ಟೆಲ್ಲ ನೋಡಿಕೊಳ್ಳುವುದರಿಂದ ನಿಜಕ್ಕೂ ಹುಣ್ಣು ತಪ್ಪುತ್ತದೆಯೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬರೀ ತಿಳಿವಳಿಕೆ ಕೊಡುವುದರಿಂದ ಹುಣ್ಣು ಅಥವಾ ಕಾಲು ಕತ್ತರಿಸುವ ಪ್ರಸಂಗ ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳು ಹೇಳಿವೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇನ್ನೂ ನಿಷ್ಠುರವಾಗಿದೆ. ಹಿಂದೆ ಹುಣ್ಣಾಗಿದ್ದ 173 ಮಂದಿಯನ್ನು ಮೂರು ಗುಂಪು ಮಾಡಿ 15 ತಿಂಗಳು ಗಮನಿಸಲಾಯಿತು. ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 29.3 ಮಂದಿಗೆ ಮತ್ತೆ ಹುಣ್ಣಾಯಿತು. ಕನ್ನಡಿ ಹಿಡಿದು ಕ್ರಮವಾಗಿ ಪಾದ ಪರೀಕ್ಷಿಸಿಕೊಂಡ ಗುಂಪಿನಲ್ಲಿ ಶೇ 30.4. ಮೂರನೆಯ ಗುಂಪಿನವರು ಎರಡೂ ಪಾದಗಳ ಗೊತ್ತಾದ ಜಾಗಗಳ ಬಿಸಿಯನ್ನು ಥರ್ಮಾಮೀಟರಿನಿಂದ ದಿನವೂ ಅಳೆದುಕೊಂಡರು. ಒಂದು ಪಾದದ ಯಾವುದೇ ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿದ್ದರೆ ಅವರು ನಡೆದಾಟ ಕಡಿಮೆ ಮಾಡಿ ದಾದಿಗೆ ತಿಳಿಸಬೇಕಿತ್ತು. ಅವರಲ್ಲಿ ಹುಣ್ಣಾದದ್ದು ಶೇ 8.5 ಮಂದಿಗೆ ಮಾತ್ರ.

ಇದರಿಂದ ಕಣ್ಣಿನ ಪರೀಕ್ಷೆ ದಂಡ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಆಗಿಹೋದ ಗಾಯವನ್ನು ಅಂದೇ ಪತ್ತೆಹಚ್ಚಲು ಕಣ್ಣಿಗಿಂತ ಸುಲಭವಾದ ಸಾಧನವಿಲ್ಲ. ಗಾಯವಾಗುವುದಕ್ಕೆ ಮೊದಲೇ ತಡೆಯಲು ಮೂರನೆಯ ಗುಂಪಿಗೆ ನೆರವಾದದ್ದು ಎರಡು ಸಂಗತಿ. ಚರ್ಮ ಒಡೆಯುವ ಮುನ್ನವೇ ಉರಿಯೂತದ ಬಿಸಿ ಅವರ ಅಳತೆಗೆ ಸಿಕ್ಕಿತು. ಅಳತೆ ಮೀರಿದ ದಿನ ಏನು ಮಾಡಬೇಕು ಎಂಬುದು ಮೊದಲೇ ಗೊತ್ತಿತ್ತು, ಮತ್ತು ಆ ಕ್ರಮ ಕಾಲಿನ ಭಾರ ಇಳಿಸುವುದೇ ಆಗಿತ್ತು. ಹಿಂದೆ ಹುಣ್ಣಾಗಿದ್ದವರು ಚರ್ಮದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವ ಬಗ್ಗೆ ವೈದ್ಯರನ್ನು ಕೇಳಬಹುದು. ಅದಿಲ್ಲದಿದ್ದರೆ ಮನೆಯವರು ಅಂಗೈಯ ಹಿಂಭಾಗದಿಂದ ಎರಡೂ ಪಾದಗಳನ್ನು ಮುಟ್ಟಿ ಹೋಲಿಸಬಹುದು. ಕೈಗೆ ಎರಡು ಡಿಗ್ರಿಯ ವ್ಯತ್ಯಾಸ ನಂಬುವಷ್ಟು ನಿಖರವಾಗಿ ತಿಳಿಯದು. ಹಾಗಾಗಿ ವ್ಯತ್ಯಾಸ ತಿಳಿಯಲಿಲ್ಲವೆಂದು ಧೈರ್ಯ ಮಾಡಬಾರದು, ತಿಳಿದರೆ ಮಾತ್ರ ಅಲಕ್ಷಿಸಬಾರದು.

ಪಾದರಕ್ಷೆ

ಭಾರ ಇಳಿಸುವ ಕೆಲಸದಲ್ಲಿ ಮೊದಲ ಸ್ಥಾನ ಪಾದರಕ್ಷೆಗೆ. ಅದು ಒತ್ತಡವನ್ನು ಒಂದೇ ಬಿಂದುವಿನಲ್ಲಿ ನಿಲ್ಲಗೊಡದೆ ಇಡೀ ಅಂಗಾಲಿಗೆ ಹರಡಬೇಕು. ಇದಕ್ಕಾಗಿ ನಮ್ಮ ದೇಶದಲ್ಲಿ ಕುಷ್ಠರೋಗಿಗಳಿಗೆಂದು ರೂಢಿಗೆ ಬಂದ ಸೂಕ್ಷ್ಮರಂಧ್ರ ರಬ್ಬರಿನ ಚಪ್ಪಲಿಯನ್ನು ಮಧುಮೇಹಿಗಳಿಗೂ ಕೊಡುತ್ತಾರೆ. ಅಂಗಡಿಗಳಲ್ಲಿ ಅದನ್ನು ಎಂಸಿಆರ್ ಚಪ್ಪಲಿ ಎನ್ನುತ್ತಾರೆ. ಅದರ ಒಳಹಾಸು ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಏಳುತ್ತದೆ. ಹೊರಗಿನ ಅಟ್ಟೆ ಮುಳ್ಳು, ಮೊಳೆ ತೂರದಷ್ಟು ಗಟ್ಟಿಯಾಗಿರಬೇಕು. ಹಿಮ್ಮಡಿಗೆ ಪಟ್ಟಿ ಇರಬೇಕು. ಇಲ್ಲದಿದ್ದರೆ ಚಪ್ಪಲಿ ಕಳಚದಂತೆ ಬೆರಳುಗಳಿಂದ ಹಿಡಿಯಬೇಕಾಗುತ್ತದೆ, ಜಡವಾದ ಪಾದಕ್ಕೆ ಚಪ್ಪಲಿ ಕಳಚಿದ್ದೇ ತಿಳಿಯದೆ ಹೋಗಲೂಬಹುದು. ಹವಾಯಿ ಚಪ್ಪಲಿ ಮೆತ್ತಗಿದ್ದರೂ ಅದರ ಪಟ್ಟಿ ಬೆರಳ ಸಂದನ್ನು ಉಜ್ಜುತ್ತದೆ, ಸವೆದ ಅಟ್ಟೆಯಲ್ಲಿ ಮೊಳೆ ಸಲೀಸಾಗಿ ತೂರುತ್ತದೆ. ಬೂಟು ಕೊಳ್ಳುವವರು ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತು ಹೋಗಿ, ನಿಂತು ಅಳತೆ ನೋಡಬೇಕು. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂ.ಮೀ. ಹೆಚ್ಚಿರಬೇಕು, ಬೆರಳ ಬುಡದ ಬಳಿ ಅಗಲ ಪಾದದಷ್ಟೇ ಇರಬೇಕು, ಬೆರಳುಗಳು ಮೇಲೆ ತಾಗಬಾರದು. ಪಾದ ಜಡವಾದವರು ‘ಬಿಗಿಯಾಗಿ ಕೂತಿದೆ’ ಎಂಬ ಅನಿಸಿಕೆಯನ್ನು ನಂಬಿ ಸಣ್ಣ ಅಳತೆಯನ್ನೇ ಆರಿಸಿಕೊಳ್ಳುವ ಅಪಾಯವಿದೆ. ಹೊಸದನ್ನು ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತಷ್ಟೇ ಹಾಕಿ, ಕಳಚಿದ ಕೂಡಲೇ ಕೆಂಪಾಗಿದೆಯೇ ಎಂದು ನೋಡಬೇಕು. ಪ್ರತಿ ಸಲ ಹಾಕುವ ಮುನ್ನ ಬೂಟನ್ನು ಕೊಡವಿ, ಒಳಗೆ ಕೈಯಾಡಿಸಬೇಕು. ಒಂದು ಸಣ್ಣ ಕಲ್ಲು ದಿನವಿಡೀ ಒಳಗಿದ್ದರೂ ಪಾದ ಹೇಳುವುದಿಲ್ಲ.

ಒಳ್ಳೆಯ ಚಪ್ಪಲಿ ಕೊಂಡವರಿಗೂ ಹುಣ್ಣು ಮರುಕಳಿಸುವುದನ್ನು ಕಂಡು ಅದರಿಂದ ಪ್ರಯೋಜನವಿಲ್ಲ ಎನ್ನುವವರಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಒತ್ತಡ ಅಳೆದು ತಿದ್ದಿದ ಪಾದರಕ್ಷೆ ಪಡೆದವರಿಗೂ ಮಾಮೂಲಿ ವಿಶೇಷ ಪಾದರಕ್ಷೆ ಪಡೆದವರಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಇಟ್ಟ ಹೆಜ್ಜೆಗಳಲ್ಲಿ ಶೇ 80ಕ್ಕೂ ಹೆಚ್ಚನ್ನು ಪಾದರಕ್ಷೆ ಹಾಕಿಕೊಂಡೇ ಇಟ್ಟವರನ್ನು ಮಾತ್ರ ನೋಡಿದಾಗ, ತಿದ್ದಿದ ಪಾದರಕ್ಷೆಯವರಲ್ಲಿ ಶೇ 25.7 ಮಂದಿಗೆ, ಉಳಿದವರಲ್ಲಿ ಶೇ 47.8 ಮಂದಿಗೆ ಹುಣ್ಣು ಮರುಕಳಿಸಿತ್ತು. ಪಾದರಕ್ಷೆಯ ಬಳಕೆ ಕಡಿಮೆಯಾಗಿದ್ದದ್ದು ಮನೆಯೊಳಗೆ. ಹೊಸ್ತಿಲ ಹೊರಗೇ ಚಪ್ಪಲಿ ಬಿಡುವ ನಮ್ಮ ಮನೆಗಳಿಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಅಡುಗೆಮನೆ, ಬಚ್ಚಲು, ಅಂಗಳದ ನಡುವೆ ದಿನದ ಸಾಕಷ್ಟು ಹೆಜ್ಜೆಗಳು ಬರಿಗಾಲಲ್ಲೇ ಬೀಳುತ್ತವೆ. ಮಡಿ, ಸಂಪ್ರದಾಯದ ಆಕ್ಷೇಪಕ್ಕೆ ಪರಿಹಾರ ಕಷ್ಟದ್ದಲ್ಲ. ಬೀದಿಗೆ ಹೋಗದ, ಮನೆಯೊಳಗೆ ಮಾತ್ರ ಬಳಸುವ ಇನ್ನೊಂದು ಜೊತೆ ಚಪ್ಪಲಿ ಇಟ್ಟುಕೊಳ್ಳಬಹುದು. ದೇವಸ್ಥಾನಕ್ಕೆ ಕಲ್ಲುಹಾಸು ಕಾಯುವ ಮುನ್ನ ಬೆಳಿಗ್ಗೆ ಅಥವಾ ತಣಿದ ಮೇಲೆ ಸಂಜೆ ಹೋಗಿ, ದಪ್ಪನೆಯ ಕಾಲುಚೀಲ ಹಾಕಿಕೊಂಡು ಪ್ರದಕ್ಷಿಣೆ ಮುಗಿಸಿ, ಮನೆಗೆ ಬಂದೊಡನೆ ಅಂಗಾಲು ನೋಡಿಕೊಳ್ಳಬಹುದು. ಬೇಸಿಗೆಯ ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಎರಡು ಸುತ್ತು ಬಂದರೂ ಜಡವಾದ ಅಂಗಾಲಿನಲ್ಲಿ ಬೊಬ್ಬೆ ಏಳಬಹುದು.

ಉಗುರು ಮತ್ತು ಚರ್ಮ

ಉಗುರಿನ ವಿಷಯದಲ್ಲಿ ಮುಖ್ಯವಾದದ್ದು ಹೊಸ ಗಾಯ ಮಾಡಿಕೊಳ್ಳದಿರುವುದು. ಸ್ನಾನವಾದ ಮೇಲೆ ಉಗುರು ಮೆತ್ತಗಾಗಿರುತ್ತದೆ. ಆಗ ನೇಲ್ ಕಟರ್‌ನಿಂದ ನೇರವಾಗಿ ಅಡ್ಡಕ್ಕೆ ಕತ್ತರಿಸಿ, ಚೂಪಾದ ಅಂಚನ್ನು ಅರದಿಂದ ಉಜ್ಜಬೇಕು. ಬೆರಳಿನ ತುದಿಗಿಂತ ಕೆಳಗೆ ಇಳಿಸಬಾರದು, ಮೂಲೆಗಳನ್ನು ಕೊರೆಯಬಾರದು. ಕೊರೆದ ಮೂಲೆ ಮತ್ತೆ ಬೆಳೆಯುವಾಗ ಮಾಂಸದೊಳಕ್ಕೆ ನುಗ್ಗಿ ಉಗುರುಸುತ್ತಾಗುತ್ತದೆ. ಬ್ಲೇಡು ಬೇಡ. ದಪ್ಪಗಾಗಿ ಬಣ್ಣಗೆಟ್ಟ ಉಗುರು, ಒಳಕ್ಕೆ ಬೆಳೆದ ಉಗುರು ಇದ್ದವರು, ಕಣ್ಣು ಮಂಜಾದವರು, ಕೈ ನಡುಗುವವರು ತಾವೇ ಕತ್ತರಿಸಿಕೊಳ್ಳದೆ ಪಾದದ ಕ್ಲಿನಿಕ್ಕಿನಲ್ಲಿ ಮಾಡಿಸಿಕೊಳ್ಳುವುದು ಲೇಸು. ಆಣಿಗೆ ಅಂಗಡಿಯಲ್ಲಿ ಸಿಗುವ ಪಟ್ಟಿ, ದ್ರಾವಣಗಳಲ್ಲಿ ಚರ್ಮ ಕರಗಿಸುವ ಆಮ್ಲವಿರುತ್ತದೆ. ಅದು ಆಣಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟದ್ದು ಗೊತ್ತಾಗುವುದಿಲ್ಲ. ಜಡ್ಡನ್ನು ತರಬೇತಾದವರು ಹೆರೆದು ತೆಗೆದರೆ ಅಲ್ಲಿನ ಒತ್ತಡ ಆ ಕ್ಷಣದಿಂದಲೇ ಇಳಿಯುತ್ತದೆ.

ಪಾದ ತೊಳೆಯುವ ನೀರು 37 ಡಿಗ್ರಿಗಿಂತ ಕಡಿಮೆ ಬಿಸಿಯಿರಬೇಕು. ಹದವನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು. ಬಿಸಿನೀರಿನ ಚೀಲದಿಂದ ಶಾಖ ಕೊಡುವುದು, ಬೆಂಕಿಗೆ ಕಾಲು ಕಾಯಿಸುವುದು ನಿಷಿದ್ಧ. ತುಂಬ ಹೊತ್ತು ನೀರಿನಲ್ಲಿ ನೆನೆಸಿದರೆ ಚರ್ಮ ಮೆತ್ತಗಾಗಿ ಬೇಗ ಒಡೆಯುತ್ತದೆ. ತೊಳೆದ ಮೇಲೆ ಬೆರಳ ಸಂದುಗಳನ್ನು ಒತ್ತಿ ಒರೆಸಿ, ಒಣಗಿದ ಹಿಮ್ಮಡಿಗೆ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ಸಂದುಗಳಿಗೆ ಹಚ್ಚಬಾರದು, ಅಲ್ಲಿ ಪಸೆ ನಿಂತರೆ ಶಿಲೀಂಧ್ರ ಬೆಳೆದು ಚರ್ಮ ಬಿರಿಯುತ್ತದೆ.

ತಡಮಾಡಬಾರದ ಲಕ್ಷಣಗಳು

ಹುಣ್ಣು ಮುಂದುವರಿಯುವ ಬಗೆಯನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡಬಹುದು. ಮದುವೆ ಮನೆಗಳಲ್ಲಿ ಅಡುಗೆ ಮಾಡುವ 55 ವರ್ಷದ ಒಬ್ಬರು, ಹನ್ನೆರಡು ವರ್ಷದ ಮಧುಮೇಹ, ದಿನವಿಡೀ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ಕೆಲಸ. ಹೆಬ್ಬೆರಳ ಬುಡದಡಿ ಹಳೆಯ ಜಡ್ಡು. ಅದರ ನಡುವೆ ಈಗ ಕಪ್ಪು ಚುಕ್ಕೆ. ಅಂದೇ ಕಂಡು ಜಡ್ಡು ತೆಗೆಸಿ, ಒತ್ತಡ ಇಳಿಸುವ ಚಪ್ಪಲಿ ಹಾಕಿದ್ದರೆ ವಿಷಯ ಅಲ್ಲಿಗೇ ಮುಗಿಯಬಹುದಿತ್ತು. ಮೂರನೆಯ ದಿನ ಜಡ್ಡಿನ ಅಂಚು ಬಿರಿದು ಕಾಲೊರೆಸಿನ ಮೇಲೆ ಸಣ್ಣ ಕಲೆ ಬೀಳುತ್ತದೆ. ಈಗ ಅದು ಹುಣ್ಣು. ಕೀವಿಲ್ಲದಿದ್ದರೂ, ನೋವಿಲ್ಲದಿದ್ದರೂ ಒಂದು ದಿನದೊಳಗೆ ವೈದ್ಯರು ನೋಡಬೇಕು. ಆದರೆ ಅಡುಗೆಯವರು ಅರಿಸಿನ ಹಚ್ಚಿ ಬಟ್ಟೆ ಸುತ್ತಿ ಕೆಲಸ ಮುಂದುವರಿಸುತ್ತಾರೆ. ನೋಡಬೇಕಾದದ್ದನ್ನು ನೋಡಿಯೂ, ಕಾಲಿನ ಭಾರ ಮಾತ್ರ ಇಳಿಯಲಿಲ್ಲ. ಆರನೆಯ ದಿನ ಗಾಯದ ಅಂಚಿನಿಂದ ಎರಡು ಸೆಂ.ಮೀ.ಗೂ ಆಚೆಗೆ ಕೆಂಪು ಹಬ್ಬಿದೆ, ಬಟ್ಟೆ ನಾರುತ್ತಿದೆ, ಊಟ ಔಷಧ ಬದಲಾಗದಿದ್ದರೂ ಸಕ್ಕರೆ ಏರಿದೆ. ಇದು ಆಳಕ್ಕಿಳಿಯುತ್ತಿರುವ ಸೋಂಕು. ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರ ಬಂದಿಲ್ಲವಲ್ಲ ಎಂದು ಕಾಯುವುದು ದೊಡ್ಡ ತಪ್ಪು. ಮಧುಮೇಹಿಗಳಲ್ಲಿ ತೀವ್ರ ಸೋಂಕಿದ್ದರೂ ಎಷ್ಟೋ ವೇಳೆ ಜ್ವರ ಇರುವುದಿಲ್ಲ.

ಗಂಟೆಗಳಲ್ಲಿ ಲೆಕ್ಕ ಹಾಕಬೇಕಾದ ಲಕ್ಷಣಗಳು ಬೇರೆ ಇವೆ. ಬೆರಳು ನೀಲಿ ಅಥವಾ ಕಪ್ಪಾಗುವುದು, ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಳ್ಳುವುದು, ಕೀವಿನ ಜೊತೆ ಚಳಿಜ್ವರ ಅಥವಾ ಮಂಪರು, ಕೆಂಪು ಕಣಕಾಲಿನತ್ತ ಏರುವುದು, ಒತ್ತಿದರೆ ಚರ್ಮದಡಿ ಗರಗರ ಎನ್ನುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಅದು ಶಾರ್ಕೋ ಪಾದ ಇರಬಹುದು. ನರಹಾನಿಯಾದ ಪಾದದ ಎಲುಬು, ಕೀಲುಗಳು ಒಳಗೊಳಗೇ ಮುರಿದು ಕುಸಿಯುವ ಸ್ಥಿತಿ ಇದು. ನೋವು ಅಷ್ಟಾಗಿ ಇರುವುದಿಲ್ಲ, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಉಳುಕು, ಗೌಟು, ಚರ್ಮದ ಸೋಂಕು ಎಂದುಕೊಂಡು ನಡೆಯುತ್ತಲೇ ಇದ್ದರೆ ಪಾದದ ಕಮಾನು ಕುಸಿದು ಅಂಗಾಲು ಉಬ್ಬುತ್ತದೆ. ಬೇರೆ ಕಾರಣ ಖಚಿತವಾಗುವವರೆಗೆ ಇದನ್ನು ಶಾರ್ಕೋ ಎಂದೇ ತಿಳಿದು ಆ ಕಾಲು ಊರದಿರುವುದು ಕ್ಷೇಮ.

ಚಿಕಿತ್ಸೆಯೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ರಕ್ತಸಂಚಾರ ಚೆನ್ನಾಗಿದ್ದು ಸೋಂಕಿಲ್ಲದ ಅಂಗಾಲಿನ ಹುಣ್ಣಿಗೆ ಪ್ರತಿಜೀವಕ ಮಾತ್ರೆ ಬೇಕಿಲ್ಲ. ಮೊಣಕಾಲವರೆಗಿನ, ರೋಗಿ ತಾನೇ ಕಳಚಲಾಗದ ಪಟ್ಟಿ ಹಾಕುವುದು ಅತ್ಯಂತ ಫಲಕಾರಿ ಎಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಕಳಚಬಹುದಾದ ಬೂಟು ಕೊಟ್ಟರೆ, ನೋಯದ ಕಾರಣ ಜನ ಅದನ್ನು ತೆಗೆದಿಟ್ಟು ನಡೆದುಬಿಡುತ್ತಾರೆ. ದುಡಿದೇ ತಿನ್ನಬೇಕಾದವರಿಗೆ ವಾರಗಟ್ಟಲೆ ಬಿಡುವು ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಪಟ್ಟಿ ಹಾಕಿದವರು ಮಿತವಾಗಿ ಓಡಾಡಬಹುದು ಎಂಬುದು ಅದಕ್ಕೆ ಅರ್ಧ ಉತ್ತರ. ಸೋಂಕು ಎಲುಬಿಗಿಳಿದ ಮೇಲೆ ಕಳೆದುಕೊಳ್ಳುವ ದುಡಿಮೆ ತಿಂಗಳುಗಳದ್ದು, ಕೆಲವೊಮ್ಮೆ ಬದುಕಿನುದ್ದದ್ದು ಎಂಬುದು ಉಳಿದರ್ಧ. ವಾಸಿಯಾದ ಹುಣ್ಣುಗಳಲ್ಲಿ ಸುಮಾರು ಶೇ 40ರಷ್ಟು ಒಂದು ವರ್ಷದೊಳಗೆ ಮರುಕಳಿಸುತ್ತವೆ, ಏಕೆಂದರೆ ಚರ್ಮ ಕೂಡಿದ ಮೇಲೂ ಜಡತೆ ಮತ್ತು ಒತ್ತಡ ಹಾಗೆಯೇ ಉಳಿದಿರುತ್ತವೆ. ಆದ್ದರಿಂದ ಹುಣ್ಣಾಗಿದ್ದವರು ಒಂದರಿಂದ ಮೂರು ತಿಂಗಳಿಗೊಮ್ಮೆ, ಸ್ಪರ್ಶ ಚೆನ್ನಾಗಿರುವವರು ವರ್ಷಕ್ಕೊಮ್ಮೆ ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕರಪತ್ರ ಉಪಯೋಗಕ್ಕೆ ಬರಬೇಕಾದರೆ ಏನನ್ನು ನೋಡಬೇಕು ಎಂಬ ಪ್ರತಿ ಸಾಲಿನ ಪಕ್ಕದಲ್ಲೂ, ಅದು ಕಂಡ ದಿನ ಕಾಲಿನ ಭಾರ ಹೇಗೆ ಇಳಿಸಬೇಕು, ಎಷ್ಟು ಹೊತ್ತಿನೊಳಗೆ ಯಾರ ಬಳಿ ಹೋಗಬೇಕು ಎಂದು ಬರೆದಿರಬೇಕು. ಹಾಗೆ ಬರೆದಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ, ಅದೇ ಹಾಳೆಯ ಅಂಚಿನಲ್ಲಿ ಬರೆಸಿಕೊಳ್ಳುವುದು ಮಧುಮೇಹಿ ಮಾಡಬೇಕಾದ ಮೊದಲ ಕೆಲಸ.